ಸುಟ್ಟ ಮೋಟಾರಿಗೆ ವಾರಂಟಿ ಬರಲ್ಲ ಅಂತ ಹಳೇ ಗಿರಾಕಿಗೆ ಹೇಳೋದು ಹೇಗೆ?

ಪ್ರಶ್ನೆ (ಪಂಪ್‌ಸೆಟ್ ಅಂಗಡಿ, ದಾವಣಗೆರೆ): ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರು, ವಾರಂಟಿ ಅವಧಿಯೊಳಗೇ ಸುಟ್ಟಿದೆ. ಕಂಪನಿ ಕಡೆಯವರು ಬಿಚ್ಚಿ ನೋಡಿ "ಸಿಂಗಲ್ ಫೇಸಿಂಗ್, ವಾರಂಟಿ ಕೊಡೋಕಾಗಲ್ಲ" ಅಂದ್ರು. ಗಿರಾಕಿ ನಮ್ಮಪ್ಪನ ಕಾಲದವರು, ಅಡಿಕೆ ತೋಟ ಒಣಗ್ತಿದೆ. ಅವರಿಗೆ ಹೇಗೆ ಹೇಳಲಿ, ಏನಂತ ಬರೆದುಕೊಡಲಿ? ದುಡ್ಡು ತಗೊಂಡು ರೀವೈಂಡಿಂಗ್ ಮಾಡಿಕೊಡಲು ನಾನು ತಯಾರಿದ್ದೀನಿ.

ಚಿತ್ರದುರ್ಗದ ವೈಂಡಿಂಗ್ ಮೇಸ್ತ್ರಿ: ಮೊದಲು ಆ ಮೋಟಾರನ್ನ ಹಾಗೇ ಇಟ್ಕೊಳ್ಳಿ, ಕಾಯಿಲ್ ಕಿತ್ತು ಹಾಕಬೇಡಿ. ಗಿರಾಕಿನೇ ಬರಲಿ, ಆಗದಿದ್ರೆ ಅವರ ಮಗನಾದ್ರೂ ಬರಲಿ. ಸ್ಟೇಟರ್ ಒಳಗೆ ಟಾರ್ಚ್ ಬಿಟ್ಟು ತೋರಿಸಿ. ಎರಡು ಫೇಸಿನ ಕಾಯಿಲ್ ಮೇಲಿನ ಪ್ಲಾಸ್ಟಿಕ್ ಕರಗಿ ತಾಮ್ರ ಕಪ್ಪಾಗಿರುತ್ತೆ, ಅದರ ಪಕ್ಕದ್ದು ಇವತ್ತೇ ಸುತ್ತಿದ ಹಾಗೆ ಇರುತ್ತೆ. ಇದನ್ನ ಕಣ್ಣಾರೆ ಕಂಡ ರೈತ ಅರ್ಧ ಜಗಳ ಅಲ್ಲೇ ಬಿಡ್ತಾನೆ.

ಆಮೇಲೆ ಕಾರಣ ಹೇಳಿ. ಸ್ಟಾರ್ ಕನೆಕ್ಷನ್ ಮೋಟಾರು ಓಡ್ತಿರುವಾಗ ಒಂದು ಫೇಸ್ ತಪ್ಪಿದ್ರೆ ಉಳಿದ ಎರಡರ ಮೇಲೇ ಪೂರ್ತಿ ಭಾರ ಬೀಳುತ್ತೆ, ಆ ಎರಡೂ ಸುಡ್ತವೆ. ವೋಲ್ಟೇಜ್ ಕಡಿಮೆ ಇದ್ದು ಎಳೆದಿದ್ರೆ ಅಥವಾ ಪಂಪ್ ಜಾಮ್ ಆಗಿದ್ರೆ ಮೂರೂ ಒಂದೇ ಸಮ ಕಪ್ಪಾಗ್ತವೆ. ವೈಂಡಿಂಗಿನಲ್ಲೇ ದೋಷ ಇದ್ರೆ ಸಾಮಾನ್ಯವಾಗಿ ಒಂದು ಕಡೆ ಮಾತ್ರ ಶಾರ್ಟ್ ಆದ ಚುಕ್ಕೆ ಸಿಗುತ್ತೆ, ಸುತ್ತಮುತ್ತ ಚೆನ್ನಾಗಿರುತ್ತೆ. ಅಂಥ ಚುಕ್ಕೆ ಕಂಡ್ರೆ ಕಂಪನಿ ಜೊತೆ ನೀವೇ ರೈತನ ಪರ ಜಗಳ ಆಡಬೇಕು.

ಒಂದು ಎಚ್ಚರಿಕೆ: ಡೆಲ್ಟಾ ಕನೆಕ್ಷನ್ ಇದ್ರೆ ಲೆಕ್ಕ ಉಲ್ಟಾ. ಒಂದು ಸುಟ್ಟು ಎರಡು ಉಳಿಯುತ್ತೆ. ಕನೆಕ್ಷನ್ ನೋಡದೆ ಬಾಯಿ ಬಿಡಬೇಡಿ.

ಹರಿಹರದಿಂದ ಒಬ್ಬ ಡೀಲರ್: ಇಷ್ಟೆಲ್ಲ ಯಾಕೆ? ಕಾರ್ಡಲ್ಲಿ ಸುಟ್ಟ ವೈಂಡಿಂಗಿಗೆ ವಾರಂಟಿ ಇಲ್ಲ ಅಂತ ಪ್ರಿಂಟೇ ಆಗಿದೆ. "ಕರೆಂಟ್ ಪ್ರಾಬ್ಲಂ" ಅಂತ ಒಂದು ಸಾಲು ಬರೆದುಕೊಡಿ, ಮುಗೀತು. ಎರಡು ಫೇಸ್ ಸುಟ್ಟಿದೆ ಅಂದ್ರೆ ಕಂಡೆನ್ಸರ್ ಹಾಕಿ ಓಡಿಸಿದ್ದಾರೆ, ಅದರಲ್ಲಿ ಅನುಮಾನವೇ ಇಲ್ಲ.

ಚಿತ್ರದುರ್ಗದ ವೈಂಡಿಂಗ್ ಮೇಸ್ತ್ರಿ: ಕಂಡೆನ್ಸರ್ ಹಾಕಿ ಓಡಿಸೋರು ನಮ್ಮ ಕಡೆ ಇದ್ದಾರೆ, ಒಪ್ತೀನಿ. ತ್ರೀ ಫೇಸ್ ಕೊಡದ ಹೊತ್ತಲ್ಲೂ ನೀರು ಬೇಕಲ್ಲ. ಆದ್ರೆ ಅದೊಂದೇ ಕಾರಣ ಅಲ್ಲ. ಟಿಸಿ ಫ್ಯೂಸ್ ಹೋಗಿರಬಹುದು, ಸ್ಟಾರ್ಟರ್ ಪಾಯಿಂಟ್ ಸವೆದಿರಬಹುದು, ಕೇಬಲ್ ಜಾಯಿಂಟ್ ಬಿಟ್ಟಿರಬಹುದು. ಆ ಜಾಯಿಂಟ್ ಹಾಕಿದ್ದು ಅಂಗಡಿ ಹುಡುಗರೇ ಆದ್ರೆ? ಬೋರಿಂದ ಎತ್ತಿದಾಗ ಜಾಯಿಂಟ್ ಕತ್ತರಿಸಿ ಎಸೆದಿದ್ರೆ ನಿಮ್ಮ ಹತ್ರ ಸಾಕ್ಷಿನೇ ಇಲ್ಲ. ತೋಟಕ್ಕೆ ಹೋಗಿ ಬೋರ್ಡ್ ಬಿಚ್ಚಿ ನೋಡಿದ ಮೇಲೇ ಕಾರಣ ಬರೀಬೇಕು.

ಚನ್ನಗಿರಿ ಕಡೆ ರೈತ: ವಾರಂಟಿ ಸಿಗಬೇಕಂದ್ರೆ ಬಿಲ್ ಇಟ್ಕೊಂಡಿರಬೇಕು ಸರ್, ನನ್ನದೂ ಹಿಂಗೇ ಆಯ್ತು. ಅಂಗಡಿಯವರು ಫೋನಲ್ಲೇ "ನಿಮ್ಮೂರ ಕರೆಂಟ್ ಸರಿಯಿಲ್ಲ" ಅಂದ್ರು, ಹೋಗೋ ಹೊತ್ತಿಗೆ ಹೊಸ ವೈಂಡಿಂಗ್ ಹಾಕಿ ಬಿಲ್ ಕೈಗಿಟ್ರು. ಹಳೇ ತಾಮ್ರ ಎಲ್ಲಿ ಅಂದ್ರೆ ಸುಟ್ಟಿದ್ದು ಏನ್ಮಾಡ್ತೀರಿ ಅಂತಾರೆ. ಸುಟ್ಟ ತಾಮ್ರ ಗುಜರಿಯಲ್ಲಿ ತೂಕಕ್ಕೆ ಹೋಗುತ್ತೆ ಅಂತ ನಮಗೆ ಗೊತ್ತಿಲ್ವಾ?

ಪಂಪ್‌ಸೆಟ್ ಅಂಗಡಿ, ದಾವಣಗೆರೆ: ಅಣ್ಣ, ನಾನು ವಾರಂಟಿ ಕೇಳ್ತಿರೋನಲ್ಲ, ಇಲ್ಲ ಅನ್ನಬೇಕಾದ ಅಂಗಡಿಯವನು. ಆದ್ರೂ ತಾಮ್ರದ ಮಾತು ಸರಿಯಾಗಿ ಹೇಳಿದ್ರಿ. ತೂಕ ಮಾಡಿ ಬಿಲ್ಲಲ್ಲೇ ಕಳೀತೀನಿ.

ನಿವೃತ್ತ ಸರ್ವಿಸ್ ಮ್ಯಾನೇಜರ್, ದಾವಣಗೆರೆ: ಹರಿಹರದವರ ಒಂದು ಸಾಲಿನ ಪತ್ರ ಕೆಲಸಕ್ಕೆ ಬರುವುದಿಲ್ಲ. ಗಿರಾಕಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಇಷ್ಟು ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಅಲ್ಲಿ "ಕರೆಂಟ್ ಪ್ರಾಬ್ಲಂ ಅಂತ ಹೇಗೆ ಗೊತ್ತಾಯಿತು" ಎಂದು ಕೇಳಿದರೆ ತೋರಿಸಲು ಏನಾದರೂ ಇರಬೇಕು. ಕಾರ್ಡಿನ ಷರತ್ತನ್ನು ಮಾರುವಾಗ ಗಿರಾಕಿಗೆ ಹೇಳಿದ್ದೀರಾ ಎನ್ನುವ ಪ್ರಶ್ನೆಯೂ ಬರುತ್ತದೆ. ನಾನು ಬರೆಯುತ್ತಿದ್ದುದು ಹೀಗೆ, ನಿಮ್ಮ ಮೋಟಾರಿನಲ್ಲಿ ಕಂಡದ್ದಕ್ಕೆ ತಕ್ಕಂತೆ ತಿದ್ದಿಕೊಳ್ಳಿ:

"ತಮ್ಮ ಮೋಟಾರನ್ನು ತಮ್ಮ ಮಗನ ಎದುರಿನಲ್ಲಿ ಬಿಚ್ಚಿ ನೋಡಿದೆವು. ಎರಡು ಫೇಸಿನ ವೈಂಡಿಂಗ್ ಪೂರ್ತಿ ಸುಟ್ಟಿದೆ, ಮೂರನೆಯದು ಚೆನ್ನಾಗಿದೆ. ಬೇರಿಂಗ್, ಬುಷ್, ಶಾಫ್ಟ್ ಸರಿಯಾಗಿವೆ. ಕೇಬಲ್ ಜಾಯಿಂಟಿನಲ್ಲಿ ದೋಷ ಕಂಡಿಲ್ಲ. ಓಡುತ್ತಿರುವಾಗ ಒಂದು ಫೇಸ್ ತಪ್ಪಿದ್ದರಿಂದ ಹೀಗಾಗಿದೆ. ತಯಾರಿಕೆಯ ದೋಷ ಸಿಗದ ಕಾರಣ, ಕಾರ್ಡಿನ ಹಿಂಬದಿಯ ಷರತ್ತಿನಂತೆ ಉಚಿತ ರಿಪೇರಿ ಸಾಧ್ಯವಾಗುತ್ತಿಲ್ಲ. ಫೋಟೋಗಳನ್ನು ಜೊತೆಗಿಟ್ಟಿದ್ದೇವೆ. ತಾವು ಒಪ್ಪಿದರೆ ಹಣ ಪಡೆದು ರೀವೈಂಡಿಂಗ್ ಮಾಡಿಕೊಡುತ್ತೇವೆ, ಅದರ ಅಂದಾಜು ಕೆಳಗಿದೆ. ಬೇರೆಯವರಿಂದ ಪರೀಕ್ಷೆ ಮಾಡಿಸುವುದಾದರೆ ಮೋಟಾರನ್ನು ಇದೇ ಸ್ಥಿತಿಯಲ್ಲಿ ಕೊಡುತ್ತೇವೆ."

ಕೊನೆಯ ಸಾಲು ಬಿಡಬೇಡಿ. ಆ ಬಾಗಿಲು ತೆರೆದಿದ್ದರೆ ಬಹಳ ಜನ ಬೇರೆ ಕಡೆ ಹೋಗುವುದೇ ಇಲ್ಲ. "ನಿಮ್ಮ ತಪ್ಪಿನಿಂದ" ಎನ್ನುವ ಮಾತು ಮಾತ್ರ ಎಲ್ಲೂ ಬರಬಾರದು. ಫೇಸ್ ತಪ್ಪಿದ್ದನ್ನು ಮೋಟಾರ್ ಹೇಳುತ್ತದೆ, ಯಾರು ತಪ್ಪಿಸಿದರು ಎಂದು ಅದು ಹೇಳುವುದಿಲ್ಲ.

ಅಂದಾಜಿನಲ್ಲಿ ವೈರು, ಕೂಲಿ, ಹಳೇ ತಾಮ್ರದ ಕಡಿತ ಬೇರೆ ಬೇರೆ ಇರಲಿ. ಪಂಪ್ ಎತ್ತಿ ಇಳಿಸುವ ಗಾಡಿಯ ಬಾಡಿಗೆಯನ್ನೂ ಮೊದಲೇ ಹೇಳಿ. ಆರುನೂರು ಅಡಿ ಬೋರಾದರೆ ಆ ಖರ್ಚೇ ಕಣ್ಣಿಗೆ ಹೊಡೆಯುತ್ತದೆ, ಕೊನೆಗೆ ಕೇಳಿದಾಗ ಸಿಟ್ಟೆಲ್ಲ ಅಲ್ಲಿ ಹೊರಬರುತ್ತದೆ. ಹೊಸ ವೈಂಡಿಂಗಿಗೆ ನಿಮ್ಮ ಅಂಗಡಿಯ ಗ್ಯಾರಂಟಿ ಎಷ್ಟು ದಿನ, ಯಾವ ಷರತ್ತಿನ ಮೇಲೆ ಎಂಬುದೂ ಬರಲಿ. ಇಲ್ಲದಿದ್ದರೆ ಇದೇ ಜಗಳ ಇನ್ನೊಮ್ಮೆ.

ಪಂಪ್‌ಸೆಟ್ ಅಂಗಡಿ, ದಾವಣಗೆರೆ: ತೋಟಕ್ಕೆ ಹೋಗಿ ಬಂದೆ. ಕನೆಕ್ಷನ್ ಸ್ಟಾರೇ. ಜಾಯಿಂಟ್ ಅವರ ಮನೇಲೇ ಇತ್ತು, ಬಿಚ್ಚಿ ನೋಡಿದೆ, ಗಟ್ಟಿಯಾಗಿದೆ. ಕಂಡೆನ್ಸರ್ ಇಲ್ಲ. ಸ್ಟಾರ್ಟರ್ ಬಿಚ್ಚಿದ್ರೆ ನಡುವಿನ ಪಾಯಿಂಟ್ ಕರಕಲಾಗಿ ಗುಳಿ ಬಿದ್ದಿದೆ. ಒಂದು ಫೇಸ್ ತಪ್ಪಿದ್ರೆ ಮೋಟಾರು ನಿಲ್ಲಿಸೋ ಪ್ರಿವೆಂಟರ್ ಇದೆ, ಆದ್ರೆ ಅದರ ವೈರು ತೆಗೆದು ನೇರ ಜೋಡಿಸಿದ್ದಾರೆ. ಪದೇ ಪದೇ ಟ್ರಿಪ್ ಆಗ್ತಿತ್ತು ಅಂತ ಲೈನ್ ಕೆಲಸ ಮಾಡೋ ಹುಡುಗ ತೆಗೆದನಂತೆ. ರೈತರು ಅದನ್ನ ಮುಚ್ಚಿಡಲಿಲ್ಲ. ಈಗ ತೊಡಕು ಏನಂದ್ರೆ, ಆ ಸ್ಟಾರ್ಟರ್ ಕೂಡ ನಾವೇ ಮಾರಿದ್ದು.

ಹರಿಹರದಿಂದ ಒಬ್ಬ ಡೀಲರ್: ಪ್ರಿವೆಂಟರ್ ತೆಗೆದ ಮೇಲೆ ಮಾತೇ ಇಲ್ಲ. ಫೋಟೋ ಹಾಕಿ, ಬಿಲ್ ಹಾಕಿ.

ಚಿತ್ರದುರ್ಗದ ವೈಂಡಿಂಗ್ ಮೇಸ್ತ್ರಿ: ಮಾತಿದೆ. ಅದು ಸುಮ್ಮನೆ ಟ್ರಿಪ್ ಆಗ್ತಿರಲಿಲ್ಲ, ಪಾಯಿಂಟ್ ಆಗಲೇ ಹಾಳಾಗಿ ಫೇಸ್ ಬಿಡ್ತಿತ್ತು ಅನ್ಸುತ್ತೆ. ಇಷ್ಟು ಬೇಗ ಪಾಯಿಂಟ್ ಯಾಕೆ ಸುಟ್ಟಿತು? ಟರ್ಮಿನಲ್ ಸ್ಕ್ರೂ ಸಡಿಲ ಇತ್ತಾ, ಕರೆಂಟ್ ಹೋಗಿ ಬಂದು ಸ್ಟಾರ್ಟರ್ ಬಡ್ಕೊಳ್ತಿತ್ತಾ, ಅಥವಾ ಸ್ಟಾರ್ಟರೇ ಕಳಪೆನಾ? ಮೋಟಾರ್ ಕ್ಲೇಮ್ ಇಲ್ಲ ಅನ್ನೋದು ಸರಿ, ಆದ್ರೆ ಸ್ಟಾರ್ಟರ್ ಕ್ಲೇಮ್ ಬೇರೆ ಹಾಕಿಸಿ.

ನಿವೃತ್ತ ಸರ್ವಿಸ್ ಮ್ಯಾನೇಜರ್, ದಾವಣಗೆರೆ: ಪಾಯಿಂಟನ್ನು ಸವೆಯುವ ಭಾಗ ಎಂದು ಕಂಪನಿಗಳು ಸಾಮಾನ್ಯವಾಗಿ ಕೈಬಿಡುತ್ತವೆ, ನನಗೆ ಹೆಚ್ಚು ಆಸೆ ಇಲ್ಲ. ಆದರೂ ಹಾಕಿಸಿ, ಮತ್ತು ಅದನ್ನು ಪತ್ರದಲ್ಲೇ ತಿಳಿಸಿ. ರೀವೈಂಡಿಂಗ್ ಆದ ಮೇಲೆ ಪ್ರಿವೆಂಟರ್ ಜೋಡಿಸಿ, ಒಂದು ಫ್ಯೂಸ್ ತೆಗೆದು ಅದು ಟ್ರಿಪ್ ಆಗುವುದನ್ನು ಅವರ ಎದುರೇ ತೋರಿಸಿ ಬನ್ನಿ.

ಚನ್ನಗಿರಿ ಕಡೆ ರೈತ: ಸ್ಟಾರ್ಟರ್ ನಿಮ್ಮದೇ ಆದ್ರೆ ಪಾಯಿಂಟ್ ಕಿಟ್ ಆದ್ರೂ ಪುಕ್ಕಟೆ ಹಾಕಿಕೊಡಿ ಸರ್. ಎಷ್ಟಾಗುತ್ತೆ ಅದು.

ಪಂಪ್‌ಸೆಟ್ ಅಂಗಡಿ, ದಾವಣಗೆರೆ: ಅದು ನನ್ನ ಕೈಯಿಂದಲೇ ಹೋಗಲಿ. ಇಳಿಸೋ ಗಾಡಿ ಬಾಡಿಗೆಯಲ್ಲೂ ಅರ್ಧ ಕೊಡಿ ಅಂತಿದ್ದಾರೆ, ಅದಕ್ಕೆ ಅಪ್ಪ ಒಪ್ತಿಲ್ಲ. ನಾಳೆ ಪತ್ರ ಕೊಡೋಕೆ ಹೋಗ್ತಿದೀನಿ, ಏನಾಗುತ್ತೆ ತಿಳಿಸ್ತೀನಿ.