‘ಐಡ್ ರಾದರ್ ಯು ಡಿಡಂಟ್’ ಅಂದ್ರೆ ಕಳಿಸಬೇಕಾ, ಬೇಡ್ವಾ?

ಪ್ರಶ್ನೆ

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಮ್ಯಾನೇಜರ್ ಲಂಡನ್‌ನಲ್ಲಿದ್ದಾರೆ. ಇವತ್ತು ಅವರಿಂದ ಒಂದು ಮೆಸೇಜ್ ಬಂತು: ‘ಐಡ್ ರಾದರ್ ಯು ಡಿಡಂಟ್ ಸೆಂಡ್ ದ ರಿಪೋರ್ಟ್ ಟುಡೇ.’ ರಿಪೋರ್ಟ್ ಇನ್ನೂ ನನ್ನ ಹತ್ರಾನೇ ಇದೆ. ‘ಡಿಡಂಟ್’ ಅಂದ್ರೆ ‘ಕಳಿಸಲಿಲ್ಲ’ ಅಂತ ತಾನೆ? ಯಾಕೆ ಕಳಿಸಲಿಲ್ಲ ಅಂತ ಕೇಳ್ತಿದ್ದಾರಾ, ಕಳಿಸಬೇಡಿ ಅಂತಿದ್ದಾರಾ? ‘ಇಟ್ಸ್ ಟೈಮ್ ವಿ ಲೆಫ್ಟ್’, ‘ಆಸ್ ಇಫ್ ಹಿ ನ್ಯೂ’ ಇವುಗಳಲ್ಲೂ ನನಗೆ ಇದೇ ಗೊಂದಲ. ನೀವೆಲ್ಲ ಹೇಗೆ ಅರ್ಥ ಮಾಡ್ಕೊಂಡ್ರಿ?

ದಾವಣಗೆರೆಯಿಂದ, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು

ನಮ್ಮ ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ದು ಇಷ್ಟು: ‘ವುಡ್ ರಾದರ್’ ಬಂದರೆ ಮುಂದೆ ಕ್ರಿಯಾಪದದ ಮೊದಲ ರೂಪವೇ ಬರಬೇಕು. ‘ಐಡ್ ರಾದರ್ ಗೋ’, ‘ಐಡ್ ರಾದರ್ ಸ್ಟೇ’. ನಡುವೆ ‘ಟು’ ಹಾಕಬಾರದು. ಆ ಲೆಕ್ಕದಲ್ಲಿ ನಿಮ್ಮ ಮ್ಯಾನೇಜರ್ ‘ಯು ಡೋಂಟ್ ಸೆಂಡ್’ ಅಂತ ಬರೀಬೇಕಿತ್ತು. ಅವರದ್ದೇ ತಪ್ಪು ಅನ್ಸುತ್ತೆ.

ಮೈಸೂರಿನಿಂದ, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು

ಮೊದಲು ಕೆಲಸದ ವಿಷಯ. ಇವತ್ತು ರಿಪೋರ್ಟ್ ಕಳಿಸಬೇಡಿ. ಅವರು ಹೇಳಿದ್ದು ಅಷ್ಟೇ, ಬೈದಿಲ್ಲ.

ದಾವಣಗೆರೆಯವರು ಹೇಳಿದ್ದು ಅರ್ಧ ಸರಿ. ಇಷ್ಟಪಡುವವರೂ ಕೆಲಸ ಮಾಡುವವರೂ ಒಬ್ಬರೇ ಆಗಿದ್ದರೆ ಮೊದಲ ರೂಪ. ‘ಐಡ್ ರಾದರ್ ಸ್ಟೇ’ ಅಂದಾಗ ಉಳಿಯುವವನು ನಾನೇ. ಬೇಡ ಅನ್ನಬೇಕಿದ್ದರೆ ‘ಐಡ್ ರಾದರ್ ನಾಟ್ ಗೋ’. ಆದರೆ ಇಷ್ಟ ನನ್ನದು, ಕೆಲಸ ಇನ್ನೊಬ್ಬರದು ಆದಾಗ ವಾಕ್ಯದ ಒಳಗೆ ಎರಡನೇ ವ್ಯಕ್ತಿ ಬರುತ್ತಾರೆ. ಆಗ ಕ್ರಿಯಾಪದ ಪಾಸ್ಟ್‌ಗೆ ಹೋಗುತ್ತದೆ. ‘ಐಡ್ ರಾದರ್ ಯು ಸ್ಟೇಯ್ಡ್’ ಅಂದರೆ ನೀವು ಇದ್ದರೆ ನನಗೆ ಇಷ್ಟ. ಕಾಲ ಮಾತ್ರ ಈಗಿನದ್ದು, ಅಥವಾ ಮುಂದಿನದ್ದು.

ನಂಬಿಕೆ ಬರದಿದ್ದರೆ ವಾಕ್ಯದ ಕೊನೆಗೆ ‘ಟುಮಾರೋ’ ಸೇರಿಸಿ ನೋಡಿ. ‘ಐಡ್ ರಾದರ್ ಯು ಕೇಮ್ ಟುಮಾರೋ.’ ಇಂಗ್ಲಿಷ್‌ನವರಿಗೆ ಇದು ಸಲೀಸಾದ ವಾಕ್ಯ. ಸುಮ್ನೆ ‘ಯು ಕೇಮ್ ಟುಮಾರೋ’ ಅಂತ ಮಾತ್ರ ಯಾರೂ ಹೇಳಲ್ಲ. ಅಂದರೆ ಆ ‘ಕೇಮ್’ ಹಿಂದೆ ನಡೆದದ್ದನ್ನು ಹೇಳುತ್ತಿಲ್ಲ.

ನಿಮ್ಮ ಮ್ಯಾನೇಜರ್ ನಿಜವಾಗಿ ಹಿಂದಿನದರ ಬಗ್ಗೆ ಬೇಸರಪಟ್ಟಿದ್ದರೆ ವಾಕ್ಯ ಬೇರೆ ಇರುತ್ತಿತ್ತು. ನೀವು ಕಳಿಸಿಬಿಟ್ಟಿದ್ದು ಅವರಿಗೆ ಹಿಡಿಸದಿದ್ದರೆ ‘ಐಡ್ ರಾದರ್ ಯು ಹ್ಯಾಡಂಟ್ ಸೆಂಟ್ ಇಟ್’. ನೀವು ಕಳಿಸದೇ ಇದ್ದದ್ದು ಹಿಡಿಸದಿದ್ದರೆ ‘ಐಡ್ ರಾದರ್ ಯು ಹ್ಯಾಡ್ ಸೆಂಟ್ ಇಟ್’. ‘ಹ್ಯಾಡ್’ ಇದೆಯಾ ಅಂತ ನೋಡಿ. ಇದ್ದರೆ ಮಾತು ಹಿಂದಿನದ್ದು. ಇಲ್ಲದಿದ್ದರೆ ಕೆಲಸ ಇನ್ನೂ ನಿಮ್ಮ ಕೈಯಲ್ಲೇ ಇದೆ.

ಬೆಂಗಳೂರಿನಿಂದ ಒಬ್ಬರು

ಲಂಡನ್‌ನವರು ‘ರಾದರ್’ ಅಂದರು ಅಂದ್ರೆ ಸಿಟ್ಟು ಬಂದಿದೆ ಅಂತಾನೇ. ನನ್ನ ಹಳೇ ಬಾಸ್ ಕೂಡ ಹೀಗೇ ನಯವಾಗಿ ಬರೀತಿದ್ರು, ಆಮೇಲೆ ಅಪ್ರೈಸಲ್‌ನಲ್ಲಿ ನಂಬರ್ ಕಡಿಮೆ. ಎಲ್ಲಾ ಮೆಸೇಜ್ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಮೈಸೂರಿನವರು

ಅವರು ಕೇಳಿದ್ದು ವಾಕ್ಯದ ಅರ್ಥ, ಸ್ವಾಮಿ. ಆದರೂ ದನಿಯ ಬಗ್ಗೆ ನೀವು ಎತ್ತಿದ್ದು ಒಳ್ಳೇದಾಯ್ತು. ‘ಡೋಂಟ್ ಸೆಂಡ್ ಇಟ್’ ಅನ್ನುವುದಕ್ಕಿಂತ ಇದು ಮೃದು. ಆದರೆ ಮೇಲಿನವರು ಹೇಳಿದಾಗ ಇದನ್ನು ‘ನಿಮಗೆ ಬಿಟ್ಟಿದ್ದು’ ಅಂತ ತಿಳಿಯಬಾರದು. ಬೇಡ ಅಂದರೆ ಬೇಡ. ‘ಇಲ್ಲಿ ಕೂರಬಹುದಾ’ ಅಂತ ನೀವು ಕೇಳಿ, ಎದುರಿನವರು ‘ಐಡ್ ರಾದರ್ ಯು ಡಿಡಂಟ್’ ಅಂತ ಅಷ್ಟಕ್ಕೇ ನಿಲ್ಲಿಸಿದರೂ ಹಾಗೇ. ಕೂರಬಾರದು.

ಇನ್ನು ಪಾಸ್ಟ್ ಯಾಕೆ ಅನ್ನುವ ಪ್ರಶ್ನೆ. ಅಂಗಡಿಗೆ ಹೋಗಿ ನಾವು ಏನಂತೀವಿ? ‘ಒಂದು ಪೆನ್ ಬೇಕಾಗಿತ್ತು.’ ಬೇಕಾಗಿರುವುದು ಈಗ. ‘ಸಾರ್, ನಿಮ್ಮ ಹತ್ರ ಸ್ವಲ್ಪ ಮಾತಾಡಬೇಕಿತ್ತು’ ಅಂತ ಬಾಗಿಲಲ್ಲಿ ನಿಂತವರನ್ನು ‘ಯಾವಾಗ ಮಾತಾಡಬೇಕಿತ್ತು, ಹೋದ ವಾರವಾ?’ ಅಂತ ಯಾರಾದರೂ ಕೇಳುತ್ತಾರಾ? ಆ ‘ಇತ್ತು’ ಮಾತನ್ನು ಒಂದು ಹೆಜ್ಜೆ ದೂರ ಇಡುತ್ತದೆ, ಅದಕ್ಕೇ ಒತ್ತಾಯ ಕಡಿಮೆ ಅನ್ನಿಸುತ್ತದೆ. ‘ನೀವು ನಾಳೆ ಬಂದರೆ ಒಳ್ಳೇದಿತ್ತು’ ಅನ್ನುವುದನ್ನೂ ಬಿಡಿಸಿ ನೋಡಿ. ‘ಬಂದರೆ’ಯಲ್ಲಿ ಇರುವುದು ‘ಬಂದ’. ಅದು ಪಾಸ್ಟ್. ‘ಇತ್ತು’ ಕೂಡ ಪಾಸ್ಟ್. ಬರಬೇಕಾಗಿರುವುದು ನಾಳೆ! ‘ಐಡ್ ರಾದರ್ ಯು ಕೇಮ್ ಟುಮಾರೋ’ ನಮಗೆ ಅಷ್ಟೇನೂ ಹೊಸದಲ್ಲ.

ನ್ಯೂಜೆರ್ಸಿಯಿಂದ ಒಬ್ಬ ತಾಯಿ

ಮೇಷ್ಟ್ರೇ, ನಮ್ಮ ಆಫೀಸಿನಲ್ಲಿ ‘ಐಡ್ ರಾದರ್ ಯು ಸ್ಟೇ’ ಅಂತಾನೂ ಕೇಳ್ತೀನಿ. ಇಲ್ಲೇ ಹುಟ್ಟಿ ಬೆಳೆದವರೇ ಹೇಳ್ತಾರೆ. ಅದೂ ತಪ್ಪಾ?

ನನಗೆ ಜಾಸ್ತಿ ತೊಂದರೆ ಕೊಟ್ಟಿದ್ದು ‘ಇಟ್ಸ್ ಟೈಮ್’. ಮಗಳು ಒಂದು ದಿನ ‘ಅಮ್ಮ, ಇಟ್ಸ್ ಟೈಮ್ ಯು ಗಾಟ್ ಅ ನ್ಯೂ ಫೋನ್’ ಅಂದಳು. ನಾನು ‘ಎಲ್ಲಿ ತಗೊಂಡೆ, ಇದು ಹಳೇದೇ’ ಅಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ನನಗೆ ‘ಗಾಟ್’ ಒಂದೇ ಕಿವಿಗೆ ಬಿದ್ದಿತ್ತು.

ಮೈಸೂರಿನವರು

ಅಮ್ಮ, ಅದು ತಪ್ಪಲ್ಲ. ಅಮೆರಿಕದಲ್ಲಿ ‘ಐಡ್ ರಾದರ್ ಯು ಸ್ಟೇ’ ಓಡಾಡುತ್ತದೆ. ಬ್ರಿಟನ್‌ನಲ್ಲಿ ‘ಸ್ಟೇಯ್ಡ್’ ಸಾಮಾನ್ಯ. ನಮ್ಮ ಪರೀಕ್ಷೆಗಳೂ ‘ಸ್ಟೇಯ್ಡ್’ ಅನ್ನೇ ಕೇಳುತ್ತವೆ. ಬರೆಯುವಾಗ ಪಾಸ್ಟ್ ಹಾಕಿದರೆ ಎರಡೂ ಕಡೆ ನಡೆಯುತ್ತದೆ.

‘ಇಟ್ಸ್ ಟೈಮ್’ ವಿಷಯದಲ್ಲಿ ಎರಡು ದಾರಿ ಇವೆ, ಅರ್ಥದಲ್ಲಿ ಸಣ್ಣ ವ್ಯತ್ಯಾಸ. ಆರು ಗಂಟೆಗೆ ಬಸ್, ಈಗ ಐದೂವರೆ, ಹೊರಡುವ ಹೊತ್ತು ಸರಿಯಾಗಿ ಬಂದಿದೆ ಅನ್ನಿ. ಆಗ ‘ಇಟ್ಸ್ ಟೈಮ್ ಟು ಲೀವ್’. ಗಡಿಯಾರ ನೋಡಿ ಹೇಳುವ ಮಾತು ಅದು. ಐದು ಮುಕ್ಕಾಲಾಗಿದೆ, ಇನ್ನೂ ಕಾಫಿ ಕುಡಿಯುತ್ತಾ ಕೂತಿದ್ದೀರಿ. ಆಗ ‘ಇಟ್ಸ್ ಟೈಮ್ ವಿ ಲೆಫ್ಟ್’. ಇಷ್ಟರಲ್ಲಿ ಹೊರಟಿರಬೇಕಿತ್ತು, ಹೊರಟಿಲ್ಲ ಅನ್ನುವ ಅಸಮಾಧಾನ ಅದರಲ್ಲಿದೆ. ‘ಟೈಮ್’ ಹಿಂದೆ ‘ಹೈ’ ಅಥವಾ ‘ಅಬೌಟ್’ ಸೇರಿದರೆ ಆ ಅಸಮಾಧಾನ ಇನ್ನೂ ಜೋರಾಗುತ್ತದೆ. ನಿಮ್ಮ ಮಗಳು ಹೇಳಿದ್ದೂ ಅದೇ. ಫೋನ್ ಬದಲಾಯಿಸೋದು ಯಾವಾಗಲೋ ಆಗಬೇಕಿತ್ತು ಅಂತ.

ಇಲ್ಲಿ ನಮ್ಮವರು ಎಡವುವ ಜಾಗ ಇನ್ನೊಂದಿದೆ. ‘ಇಟ್ಸ್ ಟೈಮ್ ಯು ಡಿಡಂಟ್ ಸ್ಮೋಕ್’ ಅಂತ ಬರೆಯುತ್ತಾರೆ. ‘ಇಟ್ಸ್ ಟೈಮ್’ ಆದಮೇಲೆ ಹೀಗೆ ‘ಡಿಡಂಟ್’ ಹೊಂದುವುದಿಲ್ಲ. ‘ಇಟ್ಸ್ ಟೈಮ್ ಯು ಸ್ಟಾಪ್ಡ್ ಸ್ಮೋಕಿಂಗ್’ ಅಂತ ತಿರುಗಿಸಿ ಹೇಳಬೇಕು.

ದಾವಣಗೆರೆಯವರು

ಸಾರ್, ಒಪ್ಪಿದೆ. ಇಬ್ಬರಿದ್ದಾಗ ಪಾಸ್ಟ್ ಅನ್ನೋದು ನಮ್ಮ ನೋಟ್ಸ್‌ನಲ್ಲೂ ಇತ್ತು, ಕೊನೇ ಪುಟದಲ್ಲಿ. ಆದರೆ ‘ಆಸ್ ಇಫ್’ಗೆ ಯಾವಾಗಲೂ ಪಾಸ್ಟ್, ಅದರಲ್ಲೂ ‘ವರ್’. ‘ಹಿ ಬಿಹೇವ್ಸ್ ಆಸ್ ಇಫ್ ಹಿ ವರ್ ಅ ಕಿಂಗ್.’ ‘ಈಸ್’ ಹಾಕಿದರೆ ಮಾರ್ಕ್ಸ್ ಹೋಯ್ತು. ಇದರಲ್ಲಿ ಅನುಮಾನ ಇಲ್ಲ ಅಲ್ವಾ?

ಮಂಗಳೂರಿನಿಂದ, ಅನುವಾದದ ಕೆಲಸ ಮಾಡುವವರು

ಅನುಮಾನ ಇದೆ. ‘ಇಟ್ ಲುಕ್ಸ್ ಆಸ್ ಇಫ್ ಇಟ್ಸ್ ಗೋಯಿಂಗ್ ಟು ರೇನ್’ ಅನ್ನುವಾಗ ‘ಈಸ್’ ಇದೆ. ಮೋಡ ನಿಜವಾಗಿ ಕವಿದಿದೆ, ಮಳೆ ಬರುವ ಸಾಧ್ಯತೆ ಇದೆ. ಇಲ್ಲಿ ‘ವಾಸ್’ ಹಾಕಿದರೆ ಮಾತೇ ಕೆಡುತ್ತದೆ. ಹೇಳುವವನಿಗೆ ಅದು ಸುಳ್ಳು ಅಂತ ಗೊತ್ತಿದ್ದಾಗ ಪಾಸ್ಟ್. ‘ಹಿ ಟಾಕ್ಸ್ ಆಸ್ ಇಫ್ ಹಿ ಓನ್ಡ್ ದ ಪ್ಲೇಸ್’ ಅಂದರೆ ಜಾಗ ಅವನದ್ದಲ್ಲ ಅಂತ ಹೇಳುವವನಿಗೆ ಗೊತ್ತು. ‘ಓನ್ಸ್’ ಅಂದರೆ ಅವನದ್ದೇ ಇರಲೂಬಹುದು.

ನನ್ನ ಕೆಲಸದಲ್ಲಿ ಮೇಷ್ಟ್ರ ‘ಬೇಕಾಗಿತ್ತು’ ಉಪಾಯ ಇಲ್ಲಿ ಕೈಕೊಡುತ್ತದೆ. ‘ಎಲ್ಲಾ ಗೊತ್ತಿರೋ ಹಾಗೆ ಮಾತಾಡ್ತಾನೆ’ ಅಂತೀವಿ. ಆ ‘ಇರೋ’ ಪಾಸ್ಟ್ ಅಲ್ಲ. ನಿಜಕ್ಕೂ ಗೊತ್ತಾ ಇಲ್ವಾ ಅನ್ನೋದು ದನಿಯಲ್ಲೇ ತಿಳಿಯಬೇಕು. ಇಂಗ್ಲಿಷ್‌ಗೆ ಹಾಕುವಾಗ ‘ನೋಸ್’ ಬರೆಯಲಾ, ‘ನ್ಯೂ’ ಬರೆಯಲಾ ಅಂತ ಪ್ರತಿ ಸಲ ನಾನೇ ತೀರ್ಮಾನ ಮಾಡಬೇಕು.

ಕತೆ ಅನುವಾದಿಸುವಾಗ ಇನ್ನೊಂದು ಗಮನಿಸಿದ್ದೇನೆ. ‘ಟಾಕ್ಸ್’ ಹೋಗಿ ‘ಟಾಕ್ಡ್’ ಆದರೂ ಹಿಂದಿನ ‘ಓನ್ಡ್’ ಹಾಗೇ ಉಳಿಯುತ್ತದೆ. ‘ಹಿ ಟಾಕ್ಡ್ ಆಸ್ ಇಫ್ ಹಿ ಓನ್ಡ್ ದ ಪ್ಲೇಸ್.’ ಹೊಸಬರು ಅದನ್ನು ‘ಹ್ಯಾಡ್ ಓನ್ಡ್’ ಮಾಡಿಬಿಡುತ್ತಾರೆ. ಆಗ ಅರ್ಥ ಇನ್ನೂ ಹಿಂದಕ್ಕೆ ಜಾರಿ, ಒಂದು ಕಾಲದಲ್ಲಿ ಅವನದ್ದಾಗಿತ್ತೇನೋ ಅನ್ನುವಂತಾಗುತ್ತದೆ.

ದಾವಣಗೆರೆಯವರು

ನೀವು ಹೇಳೋದು ಸರಿ ಇರಬಹುದು ಮೇಡಂ. ಆದರೆ ಉತ್ತರ ಪಟ್ಟಿಯಲ್ಲಿ ‘ವರ್’ ಅಂತಾನೇ ಇರುತ್ತೆ. ಪರೀಕ್ಷೆಯಲ್ಲಿ ನಾನು ಮೋಡ ನೋಡಿಕೊಂಡು ಕೂರಕ್ಕಾಗಲ್ಲ.

ಮಂಗಳೂರಿನವರು

ರಾಜನ ವಾಕ್ಯಕ್ಕೆ ‘ವರ್’ ಹಾಕಿ, ಯಾರೂ ಬೇಡ ಅನ್ನಲ್ಲ. ಮಳೆಯ ವಾಕ್ಯ ಕೊಟ್ಟು ‘ವರ್’ ಕೇಳಿದರೆ ಆ ಪ್ರಶ್ನೆಪತ್ರಿಕೆಯೇ ತಪ್ಪು. ನಾನು ಇದನ್ನು ಒಪ್ಪಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ‘ಶೂರ್, ಐ ವಿಲ್ ಹೋಲ್ಡ್ ಇಟ್ ಟಿಲ್ ಟುಮಾರೋ’ ಅಂತ ಉತ್ತರ ಬರೆದೆ. ಗ್ರಾಹಕರ ಕಡೆಯ ಅಂಕಿಗಳು ಬದಲಾಗ್ತಿವೆಯಂತೆ, ಅದಕ್ಕೇ ಬೇಡ ಅಂದಿದ್ದು. ಈಗ ಇದನ್ನು ಟೀಮ್‌ನವರಿಗೆ ಇಂಗ್ಲಿಷ್‌ನಲ್ಲೇ ಹೇಳಬೇಕು. ‘ಹಿ ಸೆಡ್’ ಅಂತ ಶುರು ಮಾಡಿದರೆ ‘ಡಿಡಂಟ್’ ಹೋಗಿ ‘ಹ್ಯಾಡಂಟ್’ ಆಗಬೇಕಾ?

ಮೈಸೂರಿನವರು

ಆಗಬಾರದು. ‘ಹಿ ಸೆಡ್ ಹೀಡ್ ರಾದರ್ ವಿ ಡಿಡಂಟ್ ಸೆಂಡ್ ಇಟ್ ಟುಡೇ.’ ‘ಐ’ ಹೋಗಿ ‘ಹಿ’, ‘ಯು’ ಹೋಗಿ ‘ವಿ’ ಆಯ್ತು, ‘ಡಿಡಂಟ್’ ಹಾಗೇ ಉಳಿಯಿತು. ‘ಹ್ಯಾಡಂಟ್’ ಹಾಕಿದರೆ, ನೀವು ಆಗಲೇ ಕಳಿಸಿಬಿಟ್ಟಿದ್ದೀರಿ ಅಂತ ಟೀಮ್‌ನವರು ಗಾಬರಿಯಾಗುತ್ತಾರೆ.

ನ್ಯೂಜೆರ್ಸಿಯಿಂದ

ಮೇಷ್ಟ್ರೇ, ಒಂದು ಉಳಿದಿದೆ. ‘ಆಸ್ ಇಫ್’ನ ರಾಜನ ವಾಕ್ಯಕ್ಕೆ ‘ವರ್’ ಹಾಕಿ ಅಂದ್ರು ಮಂಗಳೂರಿನವರು. ಹಾಗಾದ್ರೆ ನಾನು ಹೊರಡುವಾಗ ‘ಇಟ್ಸ್ ಟೈಮ್ ಐ ವರ್ ಗೋಯಿಂಗ್’ ಅನ್ನಬೇಕಾ?

ಮೈಸೂರಿನವರು

ಇಲ್ಲಮ್ಮ, ಅಲ್ಲಿ ‘ವಾಸ್’. ‘ಇಟ್ಸ್ ಟೈಮ್ ಐ ವಾಸ್ ಗೋಯಿಂಗ್.’ ‘ಆಸ್ ಇಫ್’ಗೆ ‘ವರ್’ ಒಗ್ಗುತ್ತದೆ, ‘ಇಟ್ಸ್ ಟೈಮ್’ಗೆ ಒಗ್ಗುವುದಿಲ್ಲ.

ದಾವಣಗೆರೆಯವರು

ನಮ್ಮ ಗೈಡ್‌ನಲ್ಲಿ ಅಲ್ಲೂ ‘ವರ್’ ಕೊಟ್ಟಿದ್ದಾರೆ ಸಾರ್. ಈ ಸಲ ಯಾರನ್ನು ನಂಬೋದು?