ತೆರಿಗೆ ಬೇಡಿಕೆಗೆ ತಡೆ ಮತ್ತು ಕಂತು ಕೇಳುವ ಅರ್ಜಿ: ಬರೆದವರು ಅನುಭವ ಹೇಳಿ

ಕೇಳಿದವರು, ಶಿರಸಿ ತಾಲೂಕು: ಅಪ್ಪನ ಖಾತೆಗೆ ಹಿಂದೊಂದು ವರ್ಷ ಕಟ್ಟಿದ್ದ 10 ಲಕ್ಷ ನಗದನ್ನು ‘ವಿವರಣೆಯಿಲ್ಲದ ಹಣ’ ಅಂತ ಸೇರಿಸಿ 9,60,000 ರೂಪಾಯಿ ಬೇಡಿಕೆ ಕಳಿಸಿದ್ದಾರೆ. ಅದು ಅಡಕೆ ದುಡ್ಡು. ನೋಟಿಸು ಹಳೆಯ ಇಮೇಲಿಗೆ ಹೋಗಿ ನಮಗೆ ಗೊತ್ತೇ ಆಗಲಿಲ್ಲ. ಆದೇಶ ಕೈಗೆ ಬಂದದ್ದು ಸೆಪ್ಟೆಂಬರ್ 4ಕ್ಕೆ, ಮೇಲ್ಮನವಿ 20ಕ್ಕೆ ಹಾಕಿದ್ದೇವೆ. ಕೊಯ್ಲು ಮುಗಿದು ಚಾಲಿ ಮಾರುವವರೆಗೆ ಕೈಯಲ್ಲಿ ದುಡ್ಡಿಲ್ಲ. ವಸೂಲಿ ತಡೆದು ಕಂತು ಕೊಡಿ ಅಂತ ಪತ್ರ ಹೇಗೆ ಬರೆಯುವುದು?

ಕುಮಟಾದ ಅಂಗಡಿಯವರು: ಪತ್ರ ಯಾಕೆ ಮಾರಾಯ್ರೆ? ನಾನು ಹೋದ ವರ್ಷ ಮೇಲ್ಮನವಿ ಹಾಕಿದಾಗ 10 ಪರ್ಸೆಂಟ್ ಕಟ್ಟಿದೆ, ಉಳಿದದ್ದು ತಾನಾಗೇ ನಿಂತಿತು. ಒಬ್ಬರೂ ಬಾಗಿಲಿಗೆ ಬರಲಿಲ್ಲ. ನೀವೂ ಅಷ್ಟು ಕಟ್ಟಿ ಸುಮ್ಮನಿರಿ.

ಶಿರಸಿಯ ತೆರಿಗೆ ಸಲಹೆಗಾರರು: ಕುಮಟಾದವರು ಹೇಳಿದ್ದು ಜಿಎಸ್‌ಟಿ ಮಾತು, ಅಲ್ಲಿಗೆ ಸರಿ. ಆದಾಯ ತೆರಿಗೆಯಲ್ಲಿ ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ಕೇಳಬೇಕು, ಅಧಿಕಾರಿ ಲಿಖಿತ ಆದೇಶ ಕೊಡಬೇಕು. ಸುಮ್ಮನೆ ಕೂತರೆ 30 ದಿನ ಕಳೆದ ಮೇಲೆ ಅಪ್ಪ ಬಾಕಿದಾರರಾಗುತ್ತಾರೆ.

ಮೊದಲು ದಿನ ನೋಡಿ. 1961ರ ಕಾಯ್ದೆಯ ಕಲಂ 220(3)ರಡಿ ಕಂತು ಕೇಳುವುದಾದರೆ ಆ 30 ದಿನ ಮುಗಿಯುವ ಮೊದಲೇ ಕೇಳಬೇಕು. ನಿಮಗೆ ಅಕ್ಟೋಬರ್ 4 ಕೊನೆ. ಮೇಲ್ಮನವಿ ಬಾಕಿ ಇರುವಾಗ ‘ಬಾಕಿದಾರನೆಂದು ಎಣಿಸಬೇಡಿ’ ಎಂಬ ಕೋರಿಕೆ 220(6)ರದು, ಅದಕ್ಕೆ ಆ ಗಡುವಿನ ಕಟ್ಟು ಇಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ಹಾಕಿ. ಮೊದಲ ಕೋರಿಕೆ ಪೂರ್ತಿ ತಡೆ, ಅದಾಗದಿದ್ದರೆ ಕಂತು.

ಅರ್ಜಿ ಹೋಗಬೇಕಾದದ್ದು ಮೇಲ್ಮನವಿ ಕೇಳುವವರಿಗೆ ಅಲ್ಲ. ಆದೇಶ ಮುಖರಹಿತ ವ್ಯವಸ್ಥೆಯಿಂದ ಬಂದಿದ್ದರೂ ವಸೂಲಿ ಅಪ್ಪನ ಪ್ಯಾನ್ ಇರುವ ವಾರ್ಡಿನ ಅಧಿಕಾರಿಯದೇ. ಯಾರೆಂಬುದು ಪೋರ್ಟಲಿನ `Know Your AO`ದಲ್ಲಿ ಸಿಗುತ್ತದೆ.

ಇನ್ನು ಮೊತ್ತ. ಇಲಾಖೆಯ 2017ರ ಜುಲೈ 31ರ ಸೂಚನೆಯಂತೆ ವಿವಾದದ ಬೇಡಿಕೆಯ 20 ಪರ್ಸೆಂಟ್ ಕಟ್ಟಿದರೆ ಮೊದಲ ಮೇಲ್ಮನವಿ ತೀರುವವರೆಗೆ ತಡೆ ಕೊಡುವುದು ರೂಢಿ. ನಿಮಗದು 1,92,000. ಆದರೆ ಕಡಿಮೆಗೂ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2018ರ ಎಲ್‌ಜಿ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ‘20 ಕಟ್ಟಿ ಬನ್ನಿ, ಆಮೇಲೆ ನೋಡೋಣ’ ಅಂದರೆ ಅಷ್ಟಕ್ಕೇ ಎದ್ದು ಬರಬೇಡಿ.

ನಾನು ಬರೆಯುವ ಧಾಟಿ ಹೀಗಿರುತ್ತದೆ:

“ನನ್ನ ಮೇಲೆ ಹೊರಿಸಿದ 10,00,000 ರೂಪಾಯಿ ತೋಟದ ಅಡಕೆ ಮಾರಿದ ಹಣ. ಸೊಸೈಟಿಯ ಮಾರಾಟ ಪಟ್ಟಿ, ಅಲ್ಲಿಂದ ನಗದು ತೆಗೆದ ದಿನಾಂಕ, ಬ್ಯಾಂಕಿಗೆ ಕಟ್ಟಿದ ದಿನಾಂಕ, ಮೂರನ್ನೂ ಒಂದೇ ತಃಖ್ತೆಯಲ್ಲಿ ಲಗತ್ತಿಸಿದೆ. ಪಹಣಿಯಲ್ಲಿ ಅಡಕೆ ಬೆಳೆ ನಮೂದಾಗಿದೆ. ಸದ್ಯ ಖಾತೆಯಲ್ಲಿರುವ ಹಣವನ್ನು ವಸೂಲು ಮಾಡಿದರೆ ಕೊಯ್ಲಿನ ಕೂಲಿಗೂ ಸಾಲದು. ತೋಟ ಇಲ್ಲೇ ಇದೆ, ತಡೆ ಕೊಟ್ಟರೆ ಇಲಾಖೆಗೆ ನಷ್ಟವಿಲ್ಲ. ಆದ್ದರಿಂದ ಮೇಲ್ಮನವಿ ತೀರುವವರೆಗೆ ಬಾಕಿದಾರನೆಂದು ಎಣಿಸದಿರಲು, ಕಲಂ 226(3)ರಡಿ ಬ್ಯಾಂಕ್ ಖಾತೆಯಿಂದ ನೇರ ವಸೂಲಿಯ ಕ್ರಮ ಕೈಗೊಳ್ಳದಿರಲು ಕೋರುತ್ತೇನೆ. ಅದಾಗದಿದ್ದರೆ ಶೇ. 20ನ್ನು ಕೆಳಗಿನ ಕಂತುಗಳಲ್ಲಿ ಕಟ್ಟಲು ಅನುಮತಿ ನೀಡಿ.”

ಗಟ್ಟಿಯಾಗಬೇಕಾದದ್ದು ಆ ತಃಖ್ತೆ. ‘ನಾನು ಬಡವ’ ಅಂತ ಎರಡು ಪುಟ ಬರೆದು, ದುಡ್ಡು ಎಲ್ಲಿಂದ ಬಂತೆಂದು ಒಂದು ಸಾಲೂ ಬರೆಯದ ಅರ್ಜಿ ಎಷ್ಟೋ ನೋಡಿದ್ದೇನೆ. ಕಷ್ಟ ಹೇಳಿಕೊಂಡರೂ ಬೆಳೆಸಾಲದ ಖಾತೆ, ಆರು ತಿಂಗಳ ಪಾಸ್‌ಬುಕ್ ಇಟ್ಟು ಹೇಳಿ.

ಅಂಕೋಲಾ, ದೋಣಿ ಇರುವವರು: ನನ್ನ ಕತೆ ಕೇಳು ತಮಾ. ಮೇಲ್ಮನವಿ ಹಾಕಿದೆ, ಪತ್ರ ಹಾಕಲಿಲ್ಲ. ‘ಹಾಕಿದ್ದೇವಲ್ಲ, ಇನ್ನೇನು’ ಅಂದಿದ್ದರು ನನ್ನ ಲೆಕ್ಕದವರು. ಒಂದು ಬೆಳಿಗ್ಗೆ ಡೀಸೆಲ್‌ಗೆ ದುಡ್ಡು ತೆಗೆಯಲು ಹೋದರೆ ಖಾತೆ ಲಾಕು. ನಾಲ್ಕು ದಿನ ದೋಣಿ ದಡದಲ್ಲೇ. ಆಮೇಲೆ ಅರ್ಜಿ ಹಾಕಿದೆ, ಆದರೆ ಬ್ಯಾಂಕಿನಿಂದ ಹೋದ 1,40,000 ಹೋದದ್ದೇ. ಅದನ್ನು 20 ಪರ್ಸೆಂಟಿನಲ್ಲಿ ಹಿಡಿದರು ಅನ್ನುವುದೊಂದೇ ಸಮಾಧಾನ.

ಕೇಳಿದವರು: ಕಂತು ಎಷ್ಟೆಷ್ಟು ಬರೆಯಲಿ? ತಿಂಗಳಿಗೆ 32,000ದಂತೆ ಆರು ಸಮ ಕಂತು ಅಂತ ಬರೆದಿಟ್ಟಿದ್ದೇನೆ.

ಶಿರಸಿಯ ತೆರಿಗೆ ಸಲಹೆಗಾರರು: ಅಲ್ಲೇ ತಪ್ಪುತ್ತೀರಿ. ಒಂದು ಕಂತು ತಪ್ಪಿದರೂ ಉಳಿದ ಎಲ್ಲಾ ಕಂತುಗಳೂ ಅದೇ ದಿನ ಕಟ್ಟಬೇಕಿತ್ತು ಎಂದು ಕಾಯ್ದೆ ಎಣಿಸುತ್ತದೆ. ನವೆಂಬರಿನಲ್ಲಿ ಕೊಯ್ಲಿನ ಕೂಲಿ ಕೊಡುವಾಗ 32,000 ಎಲ್ಲಿಂದ ತರುತ್ತೀರಿ? ಚಾಲಿ ಅಂಗಳದಲ್ಲಿ ಒಣಗಲೇ ಒಂದೂವರೆ ತಿಂಗಳು. ಕಂತೂ ಆ ಲೆಕ್ಕದಲ್ಲೇ ಇರಲಿ: ಅರ್ಜಿಯ ಜೊತೆಗೇ 30,000 ಕಟ್ಟಿ ಚಲನ್ ಲಗತ್ತಿಸಿ. ನವೆಂಬರ್, ಡಿಸೆಂಬರಿಗೆ 20,000ದಂತೆ, ಜನವರಿ ಬಿಟ್ಟು ಫೆಬ್ರವರಿ, ಮಾರ್ಚಿಗೆ 40,000ದಂತೆ, ಏಪ್ರಿಲಿಗೆ 42,000. ಕೂಡಿಸಿದರೆ 1,92,000. ಯಾಕೆ ಹೀಗೆ ಎಂದು ಒಂದು ಸಾಲು ಬರೆಯಿರಿ.

ಕಟ್ಟುವುದು `e-Pay Tax`ನಲ್ಲಿ, `Demand Payment as Regular Assessment Tax (400)` ಆರಿಸಿ. ಬೇರೆ ತಲೆಬರಹಕ್ಕೆ ಹಾಕಿದರೆ ಬೇಡಿಕೆ ಇಳಿಯುವುದಿಲ್ಲ.

ಇನ್ನೊಂದು ಮಾತು. ತಡೆ ಸಿಕ್ಕರೂ 220(2)ರ ಬಡ್ಡಿ ನಿಲ್ಲುವುದಿಲ್ಲ. ಬಾಕಿಗೆ ತಿಂಗಳಿಗೆ 1 ಪರ್ಸೆಂಟ್, ಅಂದರೆ ಏನೂ ಕಟ್ಟದಿದ್ದರೆ ಈಗ ತಿಂಗಳಿಗೆ 9,600. ಮೇಲ್ಮನವಿಯಲ್ಲಿ ಬೇಡಿಕೆ ಇಳಿದರೆ ಬಡ್ಡಿಯೂ ಇಳಿಯುತ್ತದೆ. ಸೋಲುವಂಥ ಕೇಸಾದರೆ ತಡೆ ಅನ್ನುವುದು ತುಟ್ಟಿ ಸಾಲ.

ಕಾರವಾರದ ಲೆಕ್ಕಿಗರು: ಎಲ್ಲಾ ಒಪ್ಪಿದೆ. ಆದರೆ ಮೊದಲೇ 30,000 ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ದಾಖಲೆ ಅಷ್ಟು ಗಟ್ಟಿ ಇದ್ದರೆ ಸೊನ್ನೆಯಿಂದಲೇ ಕೇಳಿ. ಅವರೇ ನಿಂತು ‘ಇಷ್ಟು ಕಟ್ಟಿ’ ಅನ್ನಲಿ. ಕಟ್ಟಿದರೆ ‘ಕಟ್ಟುವ ಶಕ್ತಿ ಇದೆ’ ಅಂತ ತಿಳಿದು ಪೂರ್ತಿ 20ಕ್ಕೆ ಪಟ್ಟು ಹಿಡಿಯುತ್ತಾರೆ.

ಶಿರಸಿಯ ತೆರಿಗೆ ಸಲಹೆಗಾರರು: ಅದೂ ಒಂದು ದಾರಿ. ನನ್ನ ಕಕ್ಷಿಗಳಿಗೆ ಚಲನ್ ಇದ್ದ ಅರ್ಜಿಯೇ ಬೇಗ ಕೆಲಸ ಮಾಡಿಕೊಟ್ಟಿದೆ. ಎರಡೂ ನೋಡಿದ್ದೇನೆ, ಅಧಿಕಾರಿಯ ಮೇಲೆ ಹೋಗುತ್ತದೆ.

ಕಾರವಾರದ ಲೆಕ್ಕಿಗರು: ಪೋರ್ಟಲಿನ `Response to Outstanding Demand`ನಲ್ಲಿ `Disagree with Demand` ಒತ್ತಿ, ಮೇಲ್ಮನವಿ ಮತ್ತು ತಡೆ ಅರ್ಜಿ ಹಾಕಿದ್ದೆಂದು ನಮೂದಿಸಿ. ಇಲ್ಲದಿದ್ದರೆ ಬೇರೆ ವರ್ಷದ ಮರುಪಾವತಿ ಬಂದಾಗ ಅದನ್ನೂ ಈ ಬಾಕಿಗೆ ಎಳೆದುಕೊಳ್ಳುತ್ತಾರೆ. ತಡೆ ಸಿಕ್ಕ ಮೇಲೂ ಹಾಗೆ ಎಳೆಯಬಹುದೆಂಬ ಶರತ್ತನ್ನು ಕೆಲವರು ಆದೇಶದಲ್ಲಿ ಹಾಕುತ್ತಾರೆ, ಓದಿ ನೋಡಿ. ಎರಡು ವಾರದಲ್ಲಿ ತೀರ್ಮಾನಿಸಬೇಕೆಂಬ ಸೂಚನೆ ಇದೆ. ಉತ್ತರ ಬರದಿದ್ದರೆ ನೆನಪಿನ ಪತ್ರ, ಇಲ್ಲ ಎಂದರೆ ಪ್ರಧಾನ ಆಯುಕ್ತರಿಗೆ ಪುನರ್ವಿಮರ್ಶೆ ಅರ್ಜಿ.

ಕುಮಟಾದ ಅಂಗಡಿಯವರು: ಹಾಗಾದರೆ ನನ್ನ ತಮ್ಮನ ಆದಾಯ ತೆರಿಗೆ ನೋಟಿಸಿಗೆ ನಾನು 10 ಅಂತ ಹೇಳಿಬಿಟ್ಟಿದ್ದೇನಲ್ಲ! ಆದೇಶ ಬಂದು ಎರಡು ತಿಂಗಳಾಯಿತು.

ಶಿರಸಿಯ ತೆರಿಗೆ ಸಲಹೆಗಾರರು: ಮೇಲ್ಮನವಿ ಹಾಕಿದ್ದಾರಾ? ಹಾಕಿದ್ದರೆ 220(6)ರಡಿ ಇವತ್ತೇ ಬರೆಸಿ. 220(3)ರ ಕಂತಿನ ಗಡುವು ಅವರಿಗೆ ದಾಟಿದೆ.

ಕೇಳಿದವರು: ಅಪ್ಪ ಹಳೆಯ ಪಟ್ಟಿಗಳನ್ನು ಹಾಸಿಗೆ ಪೆಟ್ಟಿಗೆಯಿಂದ ತೆಗೆದರು. 11 ಸಿಕ್ಕಿವೆ, ಎರಡು ಇಲಿ ತಿಂದಿವೆ. ಸೊಸೈಟಿಯಲ್ಲಿ ನಕಲು ಕೇಳಿದ್ದೇವೆ. ಸೋಮವಾರ ಅರ್ಜಿಯ ಎರಡು ಪ್ರತಿ ಒಯ್ದು ಒಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬರುತ್ತೇನೆ.