ಹೊಸ ಕೆಲಸದ ಸುದ್ದಿ: ವಾಟ್ಸಾಪ್ ಮೆಸೇಜನ್ನು ಲಿಂಕ್ಡ್‌ಇನ್ ಪೋಸ್ಟ್ ಮಾಡೋದು ಹೇಗೆ?

ಪ್ರಶ್ನೆ: ಗೆಳೆಯರ ಗ್ರೂಪಿಗೆ ಹಾಕಿದ್ದು: "ಲೇ, ಕೊನೆಗೂ ಆ ನರಕದಿಂದ ಬಿಡುಗಡೆ! ಸೋಮವಾರದಿಂದ ಹೊಸ ಕಂಪನಿ, ಟೆಸ್ಟ್ ಲೀಡ್, 40% ಹೈಕ್, ಪಾರ್ಟಿ ಗ್ಯಾರಂಟಿ!!" ಹಳೇ ಟೀಮಿಗೆ ಕಳಿಸಿದ್ದು: "ನೀವಿಲ್ದಿದ್ರೆ ಪೇಮೆಂಟ್ ಸಾಫ್ಟ್‌ವೇರ್ ರಿಲೀಸ್ ಆಗ್ತಾನೇ ಇರ್ಲಿಲ್ಲ. ರಾತ್ರಿ 2 ಗಂಟೆಯ ಚಹಾ ಮರೆಯಲ್ಲ." ಇದನ್ನೇ ಲಿಂಕ್ಡ್‌ಇನ್‌ಗೆ ಹೇಗೆ ಬರೀಲಿ?

ನೇಮಕಾತಿ ವಿಭಾಗದವರು: ಎರಡನೇ ಮೆಸೇಜಿಂದ ಶುರು ಮಾಡಿ, ಪೋಸ್ಟಿನ ಜೀವ ಅಲ್ಲಿದೆ. ಮೊದಲನೆಯದರಲ್ಲಿ ಉಳಿಯೋದು ಹುದ್ದೆ ಮಾತ್ರ. "ನರಕ" ತೆಗೆದು "ಕೊನೆಗೂ" ಉಳಿಸಿದರೂ ದೂರು ಕೇಳಿಸುತ್ತೆ. ಹೊಸ ಮ್ಯಾನೇಜರ್ "ನಾಳೆ ನಮ್ಮ ಬಗ್ಗೆಯೂ ಹೀಗೇ" ಅಂದ್ಕೋತಾರೆ. ಹೈಕ್ ಬರೆದರೆ ಪಕ್ಕದ ಸೀಟಿನವರು ಲೆಕ್ಕ ಹಾಕೋಕೆ ಕೂರ್ತಾರೆ. ಚಹಾ ಇರಲಿ, ಆದರೆ "2 ಗಂಟೆ" ಬೇಡ. ಹಳೇ ಕಂಪನಿಯಲ್ಲಿ ರಾತ್ರಿಯಿಡೀ ದುಡಿಸ್ತಾರೆ ಅಂತ ನೀವೇ ಸಾರಿದ ಹಾಗಾಗುತ್ತೆ.

ನಾನಾದರೆ ಹೀಗೆ ಬರೀತೀನಿ:

"ಕಳೆದ ವಾರ ಟೆಸ್ಟ್ ಲೀಡ್ ಆಗಿ ಹೊಸ ಕಂಪನಿ ಸೇರಿದ್ದೇನೆ. ಹಿಂದಿನ ಟೀಮಿನಲ್ಲಿ ಪೇಮೆಂಟ್ ರಿಲೀಸ್‌ಗಳನ್ನು ಪರೀಕ್ಷಿಸುತ್ತಾ ಕಲಿತದ್ದು ಬಹಳ. ರಿಲೀಸ್ ರಾತ್ರಿಗಳಲ್ಲಿ ಚಹಾ ಹಿಡಿದು ಜೊತೆಗಿದ್ದ ಎಲ್ಲರಿಗೂ ಧನ್ಯವಾದ. ಇಲ್ಲಿ ಆಟೊಮೇಷನ್ ಟೆಸ್ಟಿಂಗ್ ನೋಡಿಕೊಳ್ಳಲಿದ್ದೇನೆ."

"ಹೊಸ ಕಂಪನಿ" ಇರುವಲ್ಲಿ ಹೆಸರು ಹಾಕಿ, ಕೊನೆ ಸಾಲನ್ನು ನಿಮ್ಮ ನಿಜವಾದ ಕೆಲಸಕ್ಕೆ ಹೊಂದಿಸಿ. ಫೋನಿನಲ್ಲಿ ಮೊದಲ ಎರಡು ಮೂರು ಸಾಲಷ್ಟೇ ಕಾಣುತ್ತೆ, ಉಳಿದದ್ದನ್ನು ಒತ್ತಿ ತೆರೀಬೇಕು. "ನಿಮ್ಮೆಲ್ಲರೊಂದಿಗೆ ಹಂಚಿಕೊಳ್ಳಲು ಸಂತೋಷವಾಗುತ್ತಿದೆ" ಅಂತ ಶುರು ಮಾಡಿದರೆ ಆ ಜಾಗ ಸಂತೋಷಕ್ಕೇ ಹೋಗುತ್ತೆ, ಹುದ್ದೆ ಕಾಣೋದೇ ಇಲ್ಲ.

ಸದಸ್ಯ 1: ಆಫರ್ ಲೆಟರ್ ಬಂದ ದಿನವೇ ಹಾಕಿ ಸರ್. ರಿಕ್ರೂಟರ್‌ಗಳ ಕಾಲ್ ನಿಲ್ಲುತ್ತೆ.

ನೇಮಕಾತಿ ವಿಭಾಗದವರು: ಕಾಲ್ ಕಡಿಮೆ ಆಗೋದು ನಿಜ. ಆದರೆ ನೋಟಿಸ್ ಅವಧಿ ಮುಗಿಯೋ ಮೊದಲು ಆಫರ್ ವಾಪಸ್ ಹೋದರೆ ಪೋಸ್ಟ್ ಅಳಿಸಬೇಕಾಗುತ್ತೆ, ನೋಡಿದವರ ನೆನಪು ಅಳಿಯಲ್ಲ. ಸೇರಿ ಒಂದು ವಾರ ಆಗಲಿ, ರಿಲೀವಿಂಗ್ ಲೆಟರ್ ಕೈಗೆ ಬರಲಿ. ಇನ್ನೊಂದು: ಪ್ರೊಫೈಲಿನಲ್ಲಿ ಹೊಸ ಹುದ್ದೆ ಸೇರಿಸುವಾಗ Notify network ಅನ್ನೋದನ್ನು ಆಫ್ ಮಾಡಿ. ಇಲ್ಲದಿದ್ದರೆ ನೀವು ಬರೆಯೋ ಮೊದಲೇ ಅದು ಸುದ್ದಿ ಹಬ್ಬಿಸಬಹುದು.

ಪೋಸ್ಟ್ ಹಾಕಿದ ಮೇಲೆ "ನಾನು ನಿಮ್ಮ ಸಿಇಒ, ಅರ್ಜೆಂಟಾಗಿ ಗಿಫ್ಟ್ ಕಾರ್ಡ್ ತಗೊಳ್ಳಿ" ಅಂತ ಮೆಸೇಜ್ ಬಂದರೆ ನಂಬಬೇಡಿ. ವಂಚಕರು ಹೊಸದಾಗಿ ಸೇರಿದವರನ್ನು ಹುಡುಕೋದೇ ಇಂಥ ಪೋಸ್ಟ್‌ಗಳಲ್ಲಿ.

ಸದಸ್ಯ 2: ಮೇಡಂ, ರಾಜೀನಾಮೆ ಪತ್ರದಲ್ಲೂ ಚಹಾ ವಿಷಯ ಬರೀಬಹುದಾ? ನಾನು ನಾಳೆ ಕೊಡ್ತಿದೀನಿ.

ನೇಮಕಾತಿ ವಿಭಾಗದವರು: ಬೇಡಪ್ಪಾ. ಅದರಲ್ಲಿ ಹುದ್ದೆ, ಕೊನೇ ಕೆಲಸದ ದಿನ, ಒಂದು ಸಾಲು ಧನ್ಯವಾದ ಸಾಕು.

ಪ್ರಶ್ನೆ ಕೇಳಿದವರು: ಹಳೇ ಮ್ಯಾನೇಜರ್‌ನ ಟ್ಯಾಗ್ ಮಾಡ್ಲಾ?

ಸದಸ್ಯ 1: ಮಾಡಿ, ಗೌರವ ಕೊಟ್ಟ ಹಾಗೆ.

ನೇಮಕಾತಿ ವಿಭಾಗದವರು: ಅವರನ್ನು ಮೊದಲು ಕೇಳಿ. ಟೀಮಿಂದ ಒಬ್ಬರು ಹೋದರು ಅಂತ ಅವರ ಪರಿಚಯದವರಿಗೆಲ್ಲ ಗೊತ್ತಾಗೋದು ಕೆಲವರಿಗೆ ಇಷ್ಟವಾಗಲ್ಲ. ನಾನಂತೂ ಹೆಸರು ಮಾತ್ರ ಬರೀತೀನಿ, ಟ್ಯಾಗ್ ಮಾಡಲ್ಲ.